ಕಲಬುರಗಿಗೆ ವಾಪಸ್ ಹೊರಡುವ ಮುನ್ನ: ಬ್ರಿಟನ್‌ನ ಕಾರ್ಡ್ ಚಂದಾ, ಫೋನ್ ಪ್ಲಾನ್, ಬ್ಯಾಂಕ್ ಪಾವತಿಗಳನ್ನು ಚುಕ್ತಾ ಮಾಡುವ ಬಗೆ

ಬ್ರಿಟನ್‌ನಲ್ಲಿ ಐದಾರು ವರ್ಷ ಸಂಸಾರ ಮಾಡಿ ಕಲಬುರಗಿ, ಬೀದರ, ಯಾದಗಿರಿ ಕಡೆ ವಾಪಸ್ ಹೊರಡುವವರು ಹೆಚ್ಚಾಗಿ ಕೊನೆಯ ವಾರದಲ್ಲಿ ಬ್ಯಾಂಕಿನ ಆ್ಯಪ್ ತೆರೆದು ಕಂಡ ಪಾವತಿಯನ್ನೆಲ್ಲ ಒಂದೇ ಸಲ ರದ್ದು ಮಾಡಿ, ಖಾತೆಯನ್ನೂ ಮುಚ್ಚಿ ವಿಮಾನ ಹತ್ತುತ್ತಾರೆ. ಹಾಗೆ ಮಾಡಬೇಡಿ. ಪಾವತಿ ನಿಲ್ಲಿಸಿದರೆ ಕರಾರು ಮುಗಿಯುವುದಿಲ್ಲ. ಬಿಲ್ಲು ಬೆಳೆಯುತ್ತಲೇ ಇರುತ್ತದೆ, ನೋಟಿಸು ನೀವು ಬಿಟ್ಟುಬಂದ ಮನೆಯ ಬಾಗಿಲಿಗೆ ಬೀಳುತ್ತದೆ, ಕೊನೆಗೆ ವಸೂಲಿ ಕಂಪನಿಯ ಕೈಗೆ ಹೋಗುತ್ತದೆ. ಡಿಫಾಲ್ಟ್ ಅಂತ ಒಮ್ಮೆ ದಾಖಲಾದರೆ ಅದು ಕ್ರೆಡಿಟ್ ಫೈಲಿನಲ್ಲಿ 6 ವರ್ಷ ಉಳಿಯುತ್ತದೆ. ನಾಳೆ ಮತ್ತೆ ಅಲ್ಲಿಗೆ ಹೋಗುವ ಪ್ರಸಂಗ ಬಂದರೆ ಬಾಡಿಗೆ ಮನೆ ಹಿಡಿಯುವಾಗಲೇ ಅದು ಅಡ್ಡ ಬರಬಹುದು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಕರಾರು ಮುಗಿಸಿ, ಆಮೇಲೆ ಪಾವತಿ ನಿಲ್ಲಿಸಿ, ಎಲ್ಲಕ್ಕಿಂತ ಕೊನೆಗೆ ಖಾತೆ ಮುಚ್ಚಿ.

ಮೂರು ಬಗೆಯ ಪಾವತಿ

ಪ್ರತಿ ತಿಂಗಳು ತಾನಾಗಿ ಹೋಗುವ ಹಣ ಮೂರು ದಾರಿಯಲ್ಲಿ ಹೋಗುತ್ತದೆ. ಸ್ಟ್ಯಾಂಡಿಂಗ್ ಆರ್ಡರ್ ಎಂದರೆ ನೀವೇ ಬ್ಯಾಂಕಿಗೆ ಕೊಟ್ಟ ಆದೇಶ. ಮೊತ್ತವೂ ತಾರೀಕೂ ನೀವು ಹೇಳಿದ್ದೇ, ನಿಲ್ಲಿಸುವವರೂ ನೀವೇ. ಮನೆ ಬಾಡಿಗೆ, ಸಂಘದ ಚಂದಾ ಸಾಮಾನ್ಯವಾಗಿ ಹೀಗೆ ಹೋಗುತ್ತವೆ. ಡೈರೆಕ್ಟ್ ಡೆಬಿಟ್‌ನಲ್ಲಿ ಕಂಪನಿಯೇ ನಿಮ್ಮ ಖಾತೆಯಿಂದ ಎಳೆದುಕೊಳ್ಳುತ್ತದೆ, ಮುಂಚೆ ತಿಳಿಸಿ ಮೊತ್ತ ಬದಲಿಸಲೂಬಹುದು. ಕೌನ್ಸಿಲ್ ಟ್ಯಾಕ್ಸ್, ಗ್ಯಾಸು, ಕರೆಂಟು, ಫೋನು, ಬ್ರಾಡ್‌ಬ್ಯಾಂಡ್ ಈ ಗುಂಪಿಗೆ ಸೇರುತ್ತವೆ. ಮೂರನೆಯದು ಕಾರ್ಡ್ ಚಂದಾ. ಇದಕ್ಕೆ ಅಲ್ಲಿನ ಬ್ಯಾಂಕಿನವರು ‘ಕಂಟಿನ್ಯೂಯಸ್ ಪೇಮೆಂಟ್ ಅಥಾರಿಟಿ’ ಎನ್ನುತ್ತಾರೆ. ಸಿನಿಮಾ ಆ್ಯಪ್, ಆ್ಯಂಟಿವೈರಸ್, ಕ್ಲೌಡ್ ಸ್ಟೋರೇಜ್, ಹಲವು ಜಿಮ್‌ಗಳ ಶುಲ್ಕ ಇದರಲ್ಲಿ ಹೋಗುತ್ತವೆ.

ಯಾವುದು ಯಾವುದೆಂದು ಗುರುತಿಸುವುದು ಸುಲಭ. ಸೇರುವಾಗ ಸಾರ್ಟ್ ಕೋಡ್ ಮತ್ತು ಖಾತೆ ಸಂಖ್ಯೆ ಕೊಟ್ಟಿದ್ದರೆ ಅದು ಡೈರೆಕ್ಟ್ ಡೆಬಿಟ್. ಕಾರ್ಡಿನ ಮೇಲಿನ ಉದ್ದ ಸಂಖ್ಯೆ ಕೊಟ್ಟಿದ್ದರೆ ಕಾರ್ಡ್ ಚಂದಾ. ಮೊದಲೆರಡು ಬ್ಯಾಂಕ್ ಆ್ಯಪ್‌ನ ಪಟ್ಟಿಯಲ್ಲಿ ಕಾಣುತ್ತವೆ. ಕಾರ್ಡ್ ಚಂದಾ ಅನೇಕ ಬ್ಯಾಂಕುಗಳ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಜನ ಸಿಕ್ಕಿಬೀಳುವುದು ಇಲ್ಲಿಯೇ. ಹೊರಡುವ ಮೂರು ತಿಂಗಳು ಮುಂಚೆ 13 ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಂಡು ಸಾಲುಸಾಲಾಗಿ ಓದಿ. 12 ಸಾಲದು: ವರ್ಷಕ್ಕೊಮ್ಮೆ ಎಳೆಯುವ ಚಂದಾದ ತಾರೀಕು ಒಂದೆರಡು ದಿನ ಆಚೀಚೆ ಆದರೆ ಅದು 12 ತಿಂಗಳ ಅಂಚಿನಿಂದ ಜಾರಿಬಿಡುತ್ತದೆ. ಗಂಡ ಹೆಂಡತಿ ಇಬ್ಬರ ಖಾತೆ, ಕ್ರೆಡಿಟ್ ಕಾರ್ಡು, ಪೇಪಾಲ್ ಎಲ್ಲವನ್ನೂ ನೋಡಿ.

ಊರಿನ ತಂದೆ ತಾಯಿಗೆ ತಿಂಗಳಾ ಹಣ ಕಳಿಸುವ ಏರ್ಪಾಡನ್ನು ಬಹಳ ಮಂದಿ ಮರೆಯುತ್ತಾರೆ. ನಿಮ್ಮ ಖಾತೆಯಿಂದ ಸ್ಟ್ಯಾಂಡಿಂಗ್ ಆರ್ಡರ್ ಮೂಲಕ ರೆಮಿಟೆನ್ಸ್ ಕಂಪನಿಗೆ ಹೋಗಿ, ಅಲ್ಲಿಂದ ಕಲಬುರಗಿಯ ಖಾತೆಗೆ ಬರುವ ಹಣ ಅದು. ಅದರ ಆ್ಯಪ್ ಅಳಿಸಿದ ಮಾತ್ರಕ್ಕೆ ಸ್ಟ್ಯಾಂಡಿಂಗ್ ಆರ್ಡರ್ ನಿಲ್ಲುವುದಿಲ್ಲ. ಬ್ಯಾಂಕ್ ಕಡೆಯದನ್ನು ಪ್ರತ್ಯೇಕವಾಗಿ ರದ್ದು ಮಾಡಬೇಕು.

ಕಾರ್ಡ್ ರದ್ದಾದರೂ ಚಂದಾ ನಿಲ್ಲುವುದಿಲ್ಲ

‘ಕಾರ್ಡೇ ರದ್ದು ಮಾಡಿದರಾಯಿತು, ಯಾರೂ ಎಳೆಯಲಾರರು’ ಎಂಬ ನಂಬಿಕೆ ಬಲವಾಗಿದೆ, ಆದರೆ ತಪ್ಪು. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಹೊಸ ಕಾರ್ಡಿನ ಸಂಖ್ಯೆಯನ್ನು ವ್ಯಾಪಾರಿಗೆ ತಾನಾಗಿ ತಲುಪಿಸುವ ಅಪ್‌ಡೇಟರ್ ವ್ಯವಸ್ಥೆ ಇದೆ. ಕಾರ್ಡ್ ಕಳೆದಿದೆ ಎಂದು ಹೊಸದು ತರಿಸಿದರೆ ಹಳೆಯ ಚಂದಾ ಹೊಸ ಕಾರ್ಡಿಗೆ ಬಂದು ಕೂರಬಹುದು.

ಸರಿಯಾದ ದಾರಿ ಹೀಗೆ: ಮೊದಲು ಆ ಕಂಪನಿಯ ಜಾಲತಾಣದಲ್ಲೇ ಚಂದಾ ರದ್ದು ಮಾಡಿ, ಬಂದ ಮಿಂಚಂಚೆಯನ್ನು ಪಿಡಿಎಫ್ ಆಗಿ ಇಟ್ಟುಕೊಳ್ಳಿ. ಕಂಪನಿ ಸತಾಯಿಸಿದರೆ ಬ್ಯಾಂಕಿಗೆ ಹೇಳಿ. ಮುಂದಿನ ಪಾವತಿಯ ಹಿಂದಿನ ಕೆಲಸದ ದಿನ ಮುಗಿಯುವುದರೊಳಗೆ ‘ಈ ಕಂಪನಿಗೆ ಕೊಟ್ಟ ಒಪ್ಪಿಗೆ ಹಿಂಪಡೆಯುತ್ತೇನೆ’ ಎಂದು ತಿಳಿಸಿದರೆ ಬ್ಯಾಂಕ್ ಅದನ್ನು ನಿಲ್ಲಿಸಲೇಬೇಕು. ಆಮೇಲೂ ಹಣ ಹೋದರೆ ಅದನ್ನು ನಿಮ್ಮ ಅನುಮತಿಯಿಲ್ಲದ ಪಾವತಿ ಎಂದು ಪರಿಗಣಿಸಿ ವಾಪಸ್ ಕೊಡಬೇಕು. ಕೆಲವು ಸಿಬ್ಬಂದಿ ‘ಮೊದಲು ಕಂಪನಿಯನ್ನೇ ಕೇಳಿ’ ಎಂದು ಸಾಗಹಾಕುತ್ತಾರೆ. ನಿಯಮ ಹಾಗಿಲ್ಲ, ಪಟ್ಟು ಬಿಡಬೇಡಿ. ಆದರೆ ಇಲ್ಲಿಯೂ ಪಾವತಿ ನಿಂತಿತೇ ಹೊರತು ಕರಾರು ಮುಗಿಯಲಿಲ್ಲ. ಒಂದು ವರ್ಷದ ಜಿಮ್ ಕರಾರಿದ್ದರೆ ಉಳಿದ ತಿಂಗಳ ಬಾಕಿ ಹಾಗೇ ನಿಂತಿರುತ್ತದೆ.

ಐಫೋನ್ ಇರುವವರಿಗೆ ಇನ್ನೊಂದು ಮಾತು. ಆ್ಯಪ್ ಸ್ಟೋರ್‌ನ ದೇಶವನ್ನು ಭಾರತಕ್ಕೆ ಬದಲಿಸಬೇಕಾದರೆ ಅದರ ಮೂಲಕ ತೆಗೆದುಕೊಂಡ ಚಂದಾಗಳನ್ನು ರದ್ದು ಮಾಡಿ, ಅವುಗಳ ಅವಧಿ ಮುಗಿಯುವ ತನಕ ಕಾಯಬೇಕು. ವರ್ಷದ ಚಂದಾ ಒಂದು ಉಳಿದಿದ್ದರೂ ಬದಲಾವಣೆ ಅಲ್ಲಿಗೇ ನಿಲ್ಲುತ್ತದೆ. `Settings`ನಲ್ಲಿ ನಿಮ್ಮ ಹೆಸರು ಒತ್ತಿ `Subscriptions` ನೋಡಿ.

ಫೋನ್ ನಂಬರ್ ಉಳಿಸಿಕೊಳ್ಳಿ

ಫೋನ್ ವಿಷಯದಲ್ಲಿ ಮಾಡುವ ತಪ್ಪಿನಿಂದಲೇ ಉಳಿದ ಕೆಲಸವೆಲ್ಲ ಕೆಡುತ್ತದೆ. ಬ್ಯಾಂಕಿನ ಒಟಿಪಿ ಬರುವುದು ಆ ನಂಬರಿಗೆ. ಕಂಪನಿಗೆ ಫೋನ್ ಮಾಡಿ ‘ಪ್ಲಾನ್ ಬಂದ್ ಮಾಡಿ’ ಎಂದರೆ ನಂಬರೂ ಹೋಗುತ್ತದೆ. ಆಮೇಲೆ ಕಲಬುರಗಿಯಲ್ಲಿ ಕೂತು ಬ್ಯಾಂಕ್ ಆ್ಯಪ್ ತೆರೆಯಲೂ ಆಗುವುದಿಲ್ಲ, ನಂಬರ್ ಬದಲಿಸೋಣವೆಂದರೆ ಅದಕ್ಕೂ ಹಳೆಯ ನಂಬರಿಗೇ ಒಟಿಪಿ.

ಆದ್ದರಿಂದ ಹೊರಡುವ ನಾಲ್ಕು ವಾರ ಮುಂಚೆ ಆ ನಂಬರನ್ನು ಪೇ ಆ್ಯಸ್ ಯು ಗೋ ಸಿಮ್‌ಗೆ ಸಾಗಿಸಿ. ಮೊದಲು ಈಗಿನ ಸಿಮ್‌ನಿಂದ `INFO` ಎಂದು `85075`ಗೆ ಎಸ್ಎಂಎಸ್ ಮಾಡಿ. ಬೇಗ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದು ಉತ್ತರದಲ್ಲಿ ಬರುತ್ತದೆ. ಅದು ಒಪ್ಪಿಗೆಯಾದರೆ `PAC` ಎಂದು `65075`ಗೆ ಕಳಿಸಿ. ಬರುವ ಕೋಡ್ 30 ದಿನ ನಡೆಯುತ್ತದೆ. ಅದನ್ನು ಹೊಸ ಸಿಮ್ ಕಂಪನಿಗೆ ಕೊಟ್ಟರೆ ಸಾಮಾನ್ಯವಾಗಿ ಮರು ಕೆಲಸದ ದಿನ ನಂಬರ್ ಅಲ್ಲಿಗೆ ಹೋಗುತ್ತದೆ, ಹಳೆಯ ಪ್ಲಾನ್ ತಾನಾಗಿ ಮುಗಿಯುತ್ತದೆ. ಹೀಗೆ ಸಾಗಿಸಿದರೆ ನಂಬರ್ ಹೋದ ದಿನದಿಂದಾಚೆಗೆ ನೋಟಿಸ್ ಅವಧಿಯ ಶುಲ್ಕ ಹಾಕುವಂತಿಲ್ಲ. ಫೋನ್ ಮಾಡಿ ಬಂದ್ ಮಾಡಿಸಿದರೆ 30 ದಿನದ ನೋಟಿಸ್ ಶುಲ್ಕ ಬೀಳಬಹುದು.

ಹ್ಯಾಂಡ್‌ಸೆಟ್ ಕಂತು ಬಹಳ ಕಡೆ ಏರ್‌ಟೈಮ್‌ಗಿಂತ ಬೇರೆ ಕರಾರು. ಏರ್‌ಟೈಮ್ ಮುಗಿದರೆ ಉಳಿದ ಕಂತನ್ನೆಲ್ಲ ಒಟ್ಟಿಗೆ ಕೇಳುವ ಕಂಪನಿಗಳಿವೆ. ಅದು ತೀರುವ ತನಕ ಆ ಡೈರೆಕ್ಟ್ ಡೆಬಿಟ್ ಮುಟ್ಟಬೇಡಿ. ಹೊಸ ಸಿಮ್‌ನಲ್ಲಿ ರೋಮಿಂಗ್ ಚಾಲೂ ಇದೆಯೇ ಎಂದು ಅಲ್ಲಿದ್ದಾಗಲೇ ನೋಡಿ, ಡೇಟಾ ರೋಮಿಂಗ್ ಮಾತ್ರ ಬಂದ್ ಇರಲಿ. ಊರಿಗೆ ಬಂದ ಮೇಲೆ ಎರಡನೇ ಸ್ಲಾಟಿನಲ್ಲಿ ಇಟ್ಟುಕೊಳ್ಳಿ. ಹಲವು ಕಂಪನಿಗಳು 180 ದಿನದಲ್ಲಿ ಒಮ್ಮೆಯಾದರೂ ದುಡ್ಡು ತಗಲುವ ಕರೆ ಅಥವಾ ಎಸ್ಎಂಎಸ್ ಮಾಡದಿದ್ದರೆ ನಂಬರ್ ಕಿತ್ತುಹಾಕುತ್ತವೆ. ಮೂರು ತಿಂಗಳಿಗೊಮ್ಮೆ ಒಂದು ಎಸ್ಎಂಎಸ್ ಕಳಿಸಿ.

ಒಂದು ಲೆಕ್ಕ

ಉದಾಹರಣೆಗೆ, ಲೆಸ್ಟರ್‌ನ ಬಾಡಿಗೆ ಮನೆಯನ್ನು ಆಗಸ್ಟ್ 31ಕ್ಕೆ ಬಿಟ್ಟು ಸೆಪ್ಟೆಂಬರ್ 2ಕ್ಕೆ ಕಲಬುರಗಿಗೆ ಹೊರಡುವ ದಂಪತಿ ಎಂದುಕೊಳ್ಳಿ. ಬಾಡಿಗೆ 1ನೇ ತಾರೀಕಿಗೆ ಮುಂಗಡವಾಗಿ ಹೋಗುತ್ತದೆ. ಹಾಗಾದರೆ ಆಗಸ್ಟ್ 1ರದೇ ಕೊನೆಯ ಬಾಡಿಗೆ. ಅದು ಹೋದ ಮರುದಿನವೇ ಸ್ಟ್ಯಾಂಡಿಂಗ್ ಆರ್ಡರ್ ರದ್ದು ಮಾಡಬೇಕು. ‘ಮುಂದಿನ ಸೂಚನೆಯವರೆಗೆ’ ಎಂದು ಇಟ್ಟ ಆರ್ಡರ್ ಸೆಪ್ಟೆಂಬರ್ 1ರ ಬೆಳಗಿನ ಜಾವವೇ ಹೋಗಿಬಿಡುತ್ತದೆ, ಆ ಹಣವನ್ನು ಮಾಲೀಕರಿಂದ ಬೇಡಿ ತರಿಸಿಕೊಳ್ಳಬೇಕು.

ಕೌನ್ಸಿಲ್ ಟ್ಯಾಕ್ಸ್ ವರ್ಷಕ್ಕೆ 1,800 ಪೌಂಡ್ ಇರಲಿ. ಇದನ್ನು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ 10 ಕಂತಿನಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಆಗಸ್ಟ್ ಕಂತು ಮುಗಿಯುವಾಗ 5 ಕಂತು, ಅಂದರೆ 900 ಪೌಂಡ್ ಹೋಗಿರುತ್ತದೆ. ಆದರೆ ಅವರು ಇದ್ದದ್ದು 153 ದಿನ, ಅದಕ್ಕೆ ಆಗುವುದು ಸುಮಾರು 755 ಪೌಂಡ್. 145 ಪೌಂಡ್ ವಾಪಸ್ ಬರಬೇಕು. ಬರುವುದು, ಮನೆ ಬಿಡುವ ತಾರೀಕನ್ನು ಕೌನ್ಸಿಲ್‌ಗೆ ತಿಳಿಸಿ ಹಣ ಸೇರಬೇಕಾದ ಖಾತೆ ತೆರೆದಿದ್ದರೆ ಮಾತ್ರ.

ಗ್ಯಾಸು, ಕರೆಂಟಿನದೂ ಇದೇ ಹಿಸಾಬು. ಕೀಲಿ ಕೊಡುವ ದಿನ ಮೀಟರ್‌ಗಳ ಫೋಟೋ ತೆಗೆದು ರೀಡಿಂಗ್ ಕಳಿಸಿ. ಅಂಕಿ, ಮೀಟರಿನ ಸೀರಿಯಲ್ ನಂಬರ್ ಎರಡೂ ಫೋಟೋದಲ್ಲಿ ಕಾಣಬೇಕು. ಕಂಪನಿ 6 ವಾರದೊಳಗೆ ಕೊನೆಯ ಬಿಲ್ಲು ಕೊಡಬೇಕು, ಹೆಚ್ಚುವರಿ ಹಣವಿದ್ದರೆ ಅದಾದ 10 ಕೆಲಸದ ದಿನದಲ್ಲಿ ವಾಪಸ್ ಕೊಡಬೇಕು. ಅಂದರೆ ಅಕ್ಟೋಬರ್ ಕೊನೆಯ ತನಕ ಖಾತೆಯೂ ಇರಬೇಕು, ಡೈರೆಕ್ಟ್ ಡೆಬಿಟ್ಟೂ ಇರಬೇಕು. ಮನೆಯ ಠೇವಣಿ, ದೇಶ ಬಿಡುತ್ತಿದ್ದೇನೆಂದು ಬ್ರಿಟನ್‌ನ ತೆರಿಗೆ ಇಲಾಖೆಗೆ ಪಿ85 ಅರ್ಜಿ ಕೊಟ್ಟಿದ್ದರೆ ಅಲ್ಲಿಂದ ಬರುವ ಮರುಪಾವತಿ, ಇವೂ ಇದೇ ಹೊತ್ತಿಗೆ ಬರುವಂಥವು.

13 ತಿಂಗಳ ಸ್ಟೇಟ್‌ಮೆಂಟಿನಲ್ಲಿ ಆ್ಯಂಟಿವೈರಸ್‌ನ ವಾರ್ಷಿಕ ಚಂದಾ ನವೆಂಬರ್ 9ಕ್ಕೆ ಎಂದು ಸಿಕ್ಕಿತೆನ್ನಿ. ಅದನ್ನು ಆಗಸ್ಟ್‌ನಲ್ಲೇ ರದ್ದು ಮಾಡಿ, ನವೆಂಬರ್ 9 ದಾಟಿ ಏನೂ ಹೋಗಲಿಲ್ಲವೆಂದು ಕಂಡ ಮೇಲೆ ನವೆಂಬರ್ ಕೊನೆಗೆ ಖಾತೆ ಮುಚ್ಚುವುದು ಸರಿಯಾದ ಸಮಯ. ಅಲ್ಲಿಯ ತನಕ ಕೊನೆಯ ಬಿಲ್ಲುಗಳಿಗೆ ಸಾಲುವಷ್ಟು ಹಣ ಇರಲಿ, 300 ಪೌಂಡ್ ಸಾಮಾನ್ಯ ಸಂಸಾರಕ್ಕೆ ಸಾಕು.

ಖಾತೆ ಮುಚ್ಚುವಾಗ

ಹೊರದೇಶದಲ್ಲಿ ಇರುವವರ ಖಾತೆಯನ್ನು ಎಲ್ಲ ಬ್ಯಾಂಕೂ ಮುಂದುವರಿಸುವುದಿಲ್ಲ. ಅಲ್ಲಿದ್ದಾಗಲೇ ಕೇಳಿ, ವಿಳಾಸವನ್ನು ಊರಿನದಕ್ಕೆ ಬದಲಿಸಿ. ಇಲ್ಲದಿದ್ದರೆ ಕಾರ್ಡಿನ ಅವಧಿ ಮುಗಿದಾಗ ಹೊಸ ಕಾರ್ಡು ಹಳೆಯ ಮನೆಗೆ, ಅಪರಿಚಿತರ ಕೈಗೆ ಹೋಗುತ್ತದೆ. ರಾಯಲ್ ಮೇಲ್‌ನವರು ಶುಲ್ಕ ಪಡೆದು ಹಳೆಯ ವಿಳಾಸದ ಅಂಚೆಯನ್ನು ಹೊರದೇಶಕ್ಕೂ ತಿರುಗಿಸಿ ಕಳಿಸುತ್ತಾರೆ, 6 ತಿಂಗಳಿಗೆ ಹಾಕಿಸಿಕೊಳ್ಳಿ.

ಖಾತೆ ಮುಚ್ಚಿದ ದಿನವೇ ಆ್ಯಪ್ ಕೆಲಸ ನಿಲ್ಲಿಸಬಹುದು. ಅದಕ್ಕೆ ಮುಂಚೆ ಹಳೆಯ ಸ್ಟೇಟ್‌ಮೆಂಟ್‌ಗಳನ್ನೆಲ್ಲ ಇಳಿಸಿಕೊಳ್ಳಿ, ಇಲ್ಲಿನ ಆದಾಯ ತೆರಿಗೆ ಲೆಕ್ಕಕ್ಕೂ ಬೇಕಾಗುತ್ತವೆ. ಇಲ್ಲಿನ ಎನ್‌ಆರ್‌ಇ ಖಾತೆಯಿರುವ ಶಾಖೆಗೂ ಹೋಗಿ ಕಾಯಂ ವಾಪಸ್ ಬಂದಿದ್ದೇನೆಂದು ತಿಳಿಸಿ. ಅದನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು, ಇಲ್ಲವೇ ಹಣವನ್ನು, ವಾಪಸ್ ಬಂದವರು ವಿದೇಶಿ ಕರೆನ್ಸಿಯಲ್ಲೇ ಇಟ್ಟುಕೊಳ್ಳುವ ಆರ್‌ಎಫ್‌ಸಿ ಖಾತೆಗೆ ಹಾಕಬೇಕು.

ಬ್ರಿಟನ್‌ನ ಸಹಾಯವಾಣಿಗೆ ಬೆಳಿಗ್ಗೆ 9 ಗಂಟೆ ಎಂದರೆ ಕಲಬುರಗಿಯಲ್ಲಿ ಬೇಸಿಗೆ ಕಾಲಮಾನಕ್ಕೆ ಮಧ್ಯಾಹ್ನ 1:30, ಅಕ್ಟೋಬರ್ ಕೊನೆಯ ಭಾನುವಾರದಿಂದ 2:30. ಆ ಹೊತ್ತಿಗೇ ಕರೆ ಮಾಡಿ, ಸಾಲು ಚಿಕ್ಕದಿರುತ್ತದೆ. ಕರೆ ಮುಗಿಸುವ ಮೊದಲು ಖಾತೆ ಮುಚ್ಚಿದ ಪತ್ರವನ್ನು ಮಿಂಚಂಚೆಗೆ ಕಳಿಸಲು ಕೇಳಿ. ಪೇ ಆ್ಯಸ್ ಯು ಗೋ ಸಿಮ್ ತೆಗೆಯುವುದು ಆ ಪತ್ರ ಕೈಸೇರಿದ ಮೇಲೆಯೇ.