ಅಳಿವೆಯ ಮರಳಿನ ಮೇಲೆ ಎಷ್ಟು ನೀರಿದೆ?

ತದಡಿಯಲ್ಲಿ ಅಘನಾಶಿನಿಯ ಅಳಿವೆ ದಾಟುವಾಗ ನಾನು ಲೆಕ್ಕ ಹಾಕುವ ರೀತಿ ಇದು. ಉಬ್ಬರ-ಇಳಿತದ ಪಟ್ಟಿಯಲ್ಲಿರುವ ಮೀಟರ್ ಅಂದ್ರೆ ಅಳಿವೆಯ ಮರಳ ದಿಬ್ಬದ ಮೇಲಿನ ಆಳ ಅಲ್ಲ. ಕಡಲ ನಕ್ಷೆಯಲ್ಲಿ ಆಳ ಎಣಿಸಲು ಇಟ್ಟುಕೊಂಡ ಸೊನ್ನೆ ಮಟ್ಟದಿಂದ ನೀರು ಎಷ್ಟು ಮೇಲಿದೆ ಅನ್ನೋದು ಅಷ್ಟೇ. ಮರಳು ಆ ಸೊನ್ನೆಗಿಂತ ಎಷ್ಟು ಕೆಳಗಿದೆ ಅಂತ ನಾವೇ ಕಂಡುಕೊಳ್ಳಬೇಕು.

ನಾನು ಗಳ ಇಳಿಸಿ ಅಳೆಯುತ್ತೇನೆ. ಸಮುದ್ರ ಶಾಂತವಾಗಿದ್ದ ದಿನ ದಿಬ್ಬದ ತೀರಾ ಆಳವಿಲ್ಲದ ಜಾಗದಲ್ಲಿ 1.4 ಮೀಟರ್ ಸಿಕ್ಕಿತು. ಆ ಹೊತ್ತಿಗೆ ಪಟ್ಟಿಯ ಲೆಕ್ಕದಲ್ಲಿ ಉಬ್ಬರ 0.8 ಮೀಟರ್. ಕಳೆದರೆ 0.6. ಅಂದ್ರೆ ಸೊನ್ನೆ ಮಟ್ಟದಲ್ಲೂ ಅಲ್ಲಿ 60 ಸೆಂಟಿಮೀಟರ್ ನೀರಿರುತ್ತದೆ. ಮಳೆಗಾಲದಲ್ಲಿ ಮರಳು ಜಾಗ ಬದಲಿಸುವುದರಿಂದ, ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಹಳೆಯ ಅಂಕಿ ನಂಬುವ ಹಾಗಿಲ್ಲ, ಮತ್ತೆ ಅಳೆಯಬೇಕು.

ಇನ್ನು ಒಂದು ದಿನದ ಲೆಕ್ಕ. ಬೆಳಿಗ್ಗೆ 6:06ಕ್ಕೆ ಇಳಿತ 0.4, ಮಧ್ಯಾಹ್ನ 12:18ಕ್ಕೆ ಭರತ, ಅಂದ್ರೆ ಉಬ್ಬರದ ತುದಿ, 1.9 ಅಂತಿಟ್ಟುಕೊಳ್ಳಿ. ಏರಿಕೆ 1.5 ಮೀಟರ್, ಸಮಯ 372 ನಿಮಿಷ. ಸಮಯವನ್ನು ಆರು ಭಾಗ ಮಾಡಿದರೆ ಒಂದೊಂದು 62 ನಿಮಿಷ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಏರಿಕೆಯ ಹನ್ನೆರಡು ಪಾಲಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಬರುತ್ತದೆ. ಒಂದು ಪಾಲು ಇಲ್ಲಿ 12.5 ಸೆಂಟಿಮೀಟರ್.

ನನ್ನ ದೋಣಿಗೆ ಪ್ರೊಪೆಲರ್ ಸೇರಿ 0.9 ಮೀಟರ್ ನೀರು ಬೇಕು. ಅಲೆಯ ತಗ್ಗಿನಲ್ಲಿ ದೋಣಿ ಕೆಳಗಿಳಿಯುತ್ತದೆ, ಅರವತ್ತು ಸೆಂಟಿಮೀಟರ್ ಅಲೆಗೆ ಅರ್ಧ, ಅಂದ್ರೆ 0.3 ಜಾಸ್ತಿ. ಮೇಲೆ ಇನ್ನೊಂದು 0.3 ಕೈಯಲ್ಲಿಟ್ಟುಕೊಳ್ಳುತ್ತೇನೆ. ಒಟ್ಟು 1.5. ಇದರಲ್ಲಿ ದಿಬ್ಬದ 0.6 ತೆಗೆದರೆ ಪಟ್ಟಿಯಲ್ಲಿ 0.9 ಆಗಬೇಕು. ಇಳಿತದಿಂದ 50 ಸೆಂಟಿಮೀಟರ್, ಅಂದ್ರೆ ನಾಲ್ಕು ಪಾಲು ಏರಬೇಕು. ಎರಡು ಭಾಗ ಮುಗಿಯುವ 8:10ಕ್ಕೆ ಮೂರು ಪಾಲು ಬಂದಿರುತ್ತದೆ. ನಾಲ್ಕನೆಯದಕ್ಕೆ ಮತ್ತೆ ಇಪ್ಪತ್ತೊಂದು ನಿಮಿಷ. 8:31ಕ್ಕಿಂತ ಮುಂಚೆ ನಾನು ಹೊರಡುವುದಿಲ್ಲ. ಒಂಬತ್ತಕ್ಕೆ ಹೊರಟರೆ ಇನ್ನೂ ನೆಮ್ಮದಿ.

ಮೊಬೈಲ್ ಆ್ಯಪ್ ನೋಡುವವರು ಒಂದು ವಿಷಯ ಗಮನಿಸಿ. ಇಳಿತದ ಅಂಕಿಗಳು ದಿನವೂ ಮೈನಸ್‌ನಲ್ಲಿದ್ದರೆ ಅದು ಸರಾಸರಿ ಸಮುದ್ರಮಟ್ಟದಿಂದ ಎಣಿಸಿದ್ದು, ನಕ್ಷೆಯ ಸೊನ್ನೆಯಿಂದಲ್ಲ. ಅದನ್ನು 0.6ಕ್ಕೆ ಕೂಡಿಸಿದರೆ ಲೆಕ್ಕವೇ ತಪ್ಪು. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತ ಸಮ ಇರುವುದಿಲ್ಲ, ಹಾಗಾಗಿ ಆ ಹೊತ್ತಿನ ಇಳಿತ-ಭರತ ಜೋಡಿಯನ್ನೇ ತೆಗೆದುಕೊಳ್ಳಬೇಕು. ಹನ್ನೆರಡು ಪಾಲಿನ ಲೆಕ್ಕವೂ ಅಂದಾಜೇ. ಆ 0.3 ಇರುವುದೇ ಇದಕ್ಕೆ.

ನೀರು ಇಳಿಯುತ್ತಿರುವ ಹೊತ್ತಲ್ಲಿ ಮಾತ್ರ, ಆಳ ಸಾಕಾಗುತ್ತದೆ ಅಂತ ಲೆಕ್ಕ ಹೇಳಿದರೂ, ನಾನು ದಾಟುವುದಿಲ್ಲ. ಹೊರಗೆ ಹರಿಯುವ ನದಿನೀರಿಗೆ ಕಡಲಿನ ಅಲೆ ಎದುರಾದರೆ ಅಲೆ ಎತ್ತರವಾಗಿ ದಿಬ್ಬದ ಮೇಲೆಯೇ ಒಡೆಯುತ್ತದೆ. ವಾಪಸ್ ಬರುವಾಗ ಅಲ್ಲಿ ಬಿಳಿ ನೊರೆ ಸಾಲಾಗಿ ಕಂಡರೆ ಹೊರಗೇ ಲಂಗರು ಹಾಕಿ ಉಬ್ಬರಕ್ಕೆ ಕಾಯುತ್ತೇನೆ.