ಅಂಬಾರಿ ಆನೆಯ ಲೂಪ್: ಸೊಂಡಿಲಿನ ಜರ್ಕ್ ಹೋಗಿದ್ದು ಹೀಗೆ

ಮೈಸೂರಿನ ಒಂದು ಅಂಗಡಿಯವರಿಗೆ ದಸರಾ ಹೊತ್ತಿಗೆ ಎಲ್‌ಇಡಿ ಪರದೆಯಲ್ಲಿ ಅಂಬಾರಿ ಆನೆ ದಿನವಿಡೀ ನಡೆಯುತ್ತಿರಬೇಕಿತ್ತು. ಮಾತಾಗಿದ್ದು 18 ಸಾವಿರದ ಆಸುಪಾಸು, ಕೈಗೆ ಬಂದಿದ್ದು 6. ಲೂಪ್ ಮುಗಿದು ಮತ್ತೆ ಶುರುವಾಗುವ ಜೋಡಣೆಯಲ್ಲಿ ಜರ್ಕ್ ಇತ್ತು, ಅದು ಹೋದ ಮೇಲೇ ಉಳಿದದ್ದು ಅಂದರು.

"ಕ್ರಾಸ್‌ಫೇಡ್ ಹಾಕು ಮಾರಾಯ, ಸಾಕು" ಅಂತ ಗೆಳೆಯರು ಹೇಳಿದರು. ಹಾಕಿದೆ. ಕೊನೆಯ ಫ್ರೇಮ್‌ಗಳ ಕಾಲು, ಮೊದಲ ಫ್ರೇಮ್‌ಗಳ ಕಾಲು ಎರಡೂ ಒಟ್ಟಿಗೆ ಕಂಡು, ಆನೆಗೆ ಎಂಟು ಕಾಲು ಬಂದ ಹಾಗಾಯಿತು.

ಬ್ಲೆಂಡರ್‌ನಲ್ಲಿ ನನ್ನ ಸೈಕಲ್ 48 ಫ್ರೇಮ್‌ನದ್ದು. 1ನೇ ಫ್ರೇಮ್‌ನ ಪೋಸನ್ನು 49ಕ್ಕೆ ಪೇಸ್ಟ್ ಮಾಡಿದೆ. ರೆಂಡರ್ ಮಾತ್ರ 48ಕ್ಕೇ ನಿಲ್ಲಬೇಕು. 49ನ್ನೂ ಸೇರಿಸಿದರೆ ಒಂದೇ ಪೋಸ್ ಎರಡು ಸಲ ಬಂದು ಆನೆ ಮುಗ್ಗರಿಸಿದ ಹಾಗೆ ಕಾಣುತ್ತದೆ. ಇದು ನಿಮಗೆಲ್ಲ ಗೊತ್ತಿರುವುದೇ. ಆದರೆ ಇಷ್ಟಾದ ಮೇಲೂ ಸೊಂಡಿಲು ಜೋಡಣೆಯಲ್ಲಿ ಒಂದು ಕ್ಷಣ ನಿಂತು ಹೊರಡುತ್ತಿತ್ತು.

ಪೋಸ್ ಸರಿಯಾಗಿತ್ತು, ವೇಗ ಸರಿಯಾಗಿರಲಿಲ್ಲ. ಸೊಂಡಿಲು ಆ ಕಡೆ ಈ ಕಡೆ 12 ಡಿಗ್ರಿ ತೂಗುತ್ತದೆ. 1ನೇ ಫ್ರೇಮ್‌ನಲ್ಲಿ ಅದು ಸರಿಯಾಗಿ ನಡುವೆ ಇರುತ್ತದೆ, ಅಂದರೆ ಅತಿ ವೇಗದಲ್ಲಿರುತ್ತದೆ. ಕರ್ವ್‌ನ ಮೊದಲ ಮತ್ತು ಕೊನೆಯ ಕೀಗಳಿಗೆ ಆಚೆ ಏನೂ ಇಲ್ಲದ ಕಾರಣ ಆಟೊ ಹ್ಯಾಂಡಲ್ ಅಲ್ಲಿ ಮಟ್ಟಸವಾಗಿ ಮಲಗಿಬಿಡುತ್ತದೆ. "ತುದಿಯ ಪೋಸಿನಿಂದ ಶುರು ಮಾಡು, ಅಲ್ಲಿ ವೇಗ ಸೊನ್ನೆ ಅಲ್ವಾ" ಅಂದವರೂ ಇದ್ದರು. ಕಾಲು ತುದಿಯಲ್ಲಿದ್ದಾಗ ಸೊಂಡಿಲು, ಬಾಲ, ಗಂಟೆ ಎಲ್ಲ ಇನ್ನೂ ದಾರಿಯಲ್ಲೇ ಇರುತ್ತವೆ. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದರೆ ಅದು ಆನೆಯಲ್ಲ, ಗೊಂಬೆ.

ನಾನು ಮಾಡಿದ್ದು ಇಷ್ಟು. ಗ್ರಾಫ್ ಎಡಿಟರ್‌ನಲ್ಲಿ ಎಲ್ಲ ಕರ್ವ್ ಆರಿಸಿ, Shift+E ಒತ್ತಿ, Make Cyclic ಕೊಟ್ಟೆ. ಆಗ ಆಟೊ ಹ್ಯಾಂಡಲ್‌ಗಳು ಸೈಕಲ್‌ನ ಆಚೆ ಬದಿಯನ್ನೂ ಲೆಕ್ಕಕ್ಕೆ ತಗೊಂಡು ತಾವೇ ಓರೆಯಾಗುತ್ತವೆ. ಕೈಯಲ್ಲಿ ಎಳೆದಿದ್ದ ಹ್ಯಾಂಡಲ್‌ಗಳಿಗೆ ಇದು ತಾಗುವುದಿಲ್ಲ. ಅವನ್ನು ನಾವೇ ಕೂರಿಸಬೇಕು. ಸೊಂಡಿಲಿನ ಬುಡದಲ್ಲಿ 1ನೇ ಕೀಯ ಬಲ ಹ್ಯಾಂಡಲ್ 4 ಫ್ರೇಮ್ ಮುಂದೆ, 6 ಡಿಗ್ರಿ ಮೇಲೆ ಇತ್ತು. ಹಾಗಾಗಿ 49ರ ಎಡ ಹ್ಯಾಂಡಲನ್ನು 4 ಫ್ರೇಮ್ ಹಿಂದೆ, 6 ಡಿಗ್ರಿ ಕೆಳಗೆ ಇಟ್ಟೆ. ಎರಡೂ ಕಡೆ ಫ್ರೇಮಿಗೆ ಒಂದೂವರೆ ಡಿಗ್ರಿ. ನಿಂತು ಹೊರಡುವುದು ಅಲ್ಲಿಗೆ ಹೋಯಿತು.

ಪರೀಕ್ಷೆಗೆ ಮೋಷನ್ ಪಾತ್ ನೋಡಿ. ತೂಗಾಟದ ತುದಿಗಳಲ್ಲಷ್ಟೇ ಅಲ್ಲದೆ ಜೋಡಣೆಯಲ್ಲೂ ಚುಕ್ಕಿಗಳು ಒತ್ತೊತ್ತಾಗಿದ್ದರೆ ಹ್ಯಾಂಡಲ್ ಇನ್ನೂ ಮಲಗಿದೆ ಅಂತ ಅರ್ಥ. ಕಣ್ಣಿಗಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ.

ಅಂಬಾರಿ ಬೆನ್ನಿನ ಮೇಲೆ ಭಾರವಾಗಿ ಓಲಾಡುವುದನ್ನು ನೋಡಿ ಗೆಳೆಯರೇ ಕೇಳಿದರು, ಹೇಗೆ ಅಂತ. ಅದೊಂದು ನನ್ನ ಹತ್ತಿರವೇ ಇರಲಿ. ಬಾಕಿ 12 ಸಾವಿರ ತಂದುಕೊಟ್ಟಿದ್ದು ಅದೇ.

ಕಿವಿಗೆ ಬೇರೆ ಲಯ ಇರಲಿ ಅಂತ 36 ಫ್ರೇಮ್‌ನ ಸೈಕಲ್ ಹಾಕಿ ನೋಡಿದ್ದೆ. ನೋಡಲು ಚೆಂದ, ಆದರೆ ಕಾಲಿನ ಜೊತೆ ಅದು ಮತ್ತೆ ಸೇರುವುದು 144 ಫ್ರೇಮ್ ಮುಗಿದ ಮೇಲೆ. ಅಂದರೆ ರೆಂಡರ್ ಮೂರು ಪಟ್ಟು. ಕರೆಂಟ್ ಬಿಲ್ ನೆನೆದು ಕಿವಿಯನ್ನು 24ಕ್ಕೆ ಇಳಿಸಿದೆ, ಬೀಸುವುದನ್ನು 5 ಫ್ರೇಮ್ ತಡವಾಗಿ ಇಟ್ಟೆ.