ಸೀರೆಯ ಶೀರ್ಷಿಕೆಯಲ್ಲಿ ಮೊದಲು ಬರಬೇಕಾದ ಪದಗಳು

ಆನ್‌ಲೈನ್ ಮಾರುಕಟ್ಟೆಯಲ್ಲಿ ಹೊಸ ಗ್ರಾಹಕರು ಹುಡುಕುವುದು ‘ಕೈಮಗ್ಗದ ಹತ್ತಿ ಸೀರೆ’ ಎಂದೇ ಹೊರತು, ನಾವು ಅಕ್ಕರೆಯಿಂದ ಇಟ್ಟ ‘ನೀಲಾಂಬರಿ’ ಎಂಬ ಹೆಸರಿನಿಂದಲ್ಲ. ಮೊಬೈಲ್ ಪರದೆಯಲ್ಲಿ ಉದ್ದನೆಯ ಶೀರ್ಷಿಕೆಯ ಕೊನೆಯ ಭಾಗ ಸಾಮಾನ್ಯವಾಗಿ ಕಾಣಿಸದ ಕಾರಣ, ‘ಕೈಮಗ್ಗದ ಹತ್ತಿ ಸೀರೆ, ಕಡುನೀಲಿ, ಕೆಂಪು ಅಂಚು, ರವಿಕೆ ಬಟ್ಟೆ ಸಹಿತ – ನೀಲಾಂಬರಿ’ ಎಂಬ ಕ್ರಮವೇ ಸೂಕ್ತ. ಹೆಚ್ಚು ಜನರಿಗೆ ಕಾಣಲೆಂದು ಹತ್ತಿ ಸೀರೆಗೆ ‘ರೇಷ್ಮೆ’ ಎಂಬ ಪದವನ್ನು ಸೇರಿಸಿದರೆ ನೋಡುವವರು ಹೆಚ್ಚಬಹುದು, ಕೊಳ್ಳುವವರು ಹೆಚ್ಚುವುದಿಲ್ಲ. ನೋಡಿದವರಲ್ಲಿ ಎಷ್ಟು ಮಂದಿ ಕೊಂಡರು ಎಂಬುದನ್ನೂ ಗಮನಿಸುವ ತಾಣಗಳಲ್ಲಿ ಇದರಿಂದ ಹುಡುಕಾಟದ ಫಲಿತಾಂಶದಲ್ಲಿ ಸೀರೆಯ ಸ್ಥಾನವೇ ಕುಸಿಯಬಹುದು. ವಿವರಣೆಯ ಮೊದಲ ವಾಕ್ಯದಲ್ಲಿ ‘ಕೈಮಗ್ಗದ ಹತ್ತಿ ಸೀರೆ’ ಎಂಬ ಪದಗುಚ್ಛವನ್ನು ಒಮ್ಮೆ ಸಹಜವಾಗಿ ಬಳಸಿ, ಬಳಿಕ ಅಳೆದು ನೋಡಿದ ಉದ್ದ (5.5 ಮೀಟರ್ ಇದ್ದರೆ ಹಾಗೆಯೇ), ರವಿಕೆ ಬಟ್ಟೆಯ ಅಳತೆ ಮತ್ತು ಒಗೆಯುವ ವಿಧಾನವನ್ನು ಬರೆಯಬೇಕು. ಬಣ್ಣ ಹಾಗೂ ಬಟ್ಟೆಯ ಬಗೆಗೆ ಮೀಸಲಾದ ಕಾಲಂಗಳನ್ನು ಖಾಲಿ ಬಿಟ್ಟರೆ, ಗ್ರಾಹಕರು ಫಿಲ್ಟರ್ ಹಾಕಿದಾಗ ಸೀರೆ ಫಲಿತಾಂಶದಲ್ಲಿ ಬಾರದೆಯೇ ಹೋಗಬಹುದು.